ಖಾಲಿ ನಿವೇಶನದ ಚಿತ್ರಕ್ಕೆ ಮನೆ, ಮರ, ಹುಲ್ಲುಹಾಸು: ಅಳತೆ ತಪ್ಪದಂತೆ ಸೇರಿಸುವ ಬಗೆ

ನಾಲ್ಕು ಮೂಲೆಗೆ ನಾಲ್ಕು ಗಡಿಕಲ್ಲು, ನಡುವೆ ಒಣಹುಲ್ಲು, ಹಿಂದೆ ಪಕ್ಕದವರ ಗೋಡೆ. ಮಾರಾಟಕ್ಕಿರುವ ನಿವೇಶನದ ಛಾಯಾಚಿತ್ರದಲ್ಲಿ ಸಾಮಾನ್ಯವಾಗಿ ಕಾಣುವುದು ಇಷ್ಟೇ. ಅಲ್ಲಿ ಮನೆ ಎಲ್ಲಿ ನಿಲ್ಲುತ್ತದೆ, ಅದರ ಮುಂದೆ ಎಷ್ಟು ಜಾಗ ಉಳಿಯುತ್ತದೆ, ಮೂಲೆಯಲ್ಲೊಂದು ಮರ ಬೆಳೆಸಲು ಅವಕಾಶವಿದೆಯೇ ಎಂಬುದನ್ನು ಊಹಿಸಿಕೊಳ್ಳುವುದು ಎಲ್ಲರಿಗೂ ಸುಲಭವಲ್ಲ. ಆದ್ದರಿಂದಲೇ ಬ್ರೋಷರ್ ಸಿದ್ಧಪಡಿಸುವವರು ಅದೇ ಚಿತ್ರದ ಮೇಲೆ ಮನೆಯ ರೇಖಾಚಿತ್ರ, ಮರಗಳು ಮತ್ತು ಹುಲ್ಲುಹಾಸನ್ನು ಸೇರಿಸುತ್ತಾರೆ. ಇಂಥ ಬಹುಪಾಲು ಚಿತ್ರಗಳು ಕೆಡುವುದು ಅಳತೆಯಲ್ಲಿ. ಮನೆ ನೆಲದಿಂದ ಎದ್ದು ತೇಲಿದಂತಿರುತ್ತದೆ, 10 ಅಡಿಯ ಅಂಗಳ ಆಟದ ಮೈದಾನದಷ್ಟು ವಿಶಾಲವಾಗಿ ಕಾಣುತ್ತದೆ. ನೋಡುವವರಿಗೆ ಕಾರಣ ಹೊಳೆಯದಿದ್ದರೂ ಚಿತ್ರದ ಮೇಲೆ ನಂಬಿಕೆ ಹುಟ್ಟುವುದಿಲ್ಲ.

ಮೈಸೂರಿನ ಹೊರವಲಯದ ಬಡಾವಣೆಗಳಲ್ಲಿ ಹೇರಳವಾಗಿ ಕಾಣಸಿಗುವ, 30 ಅಡಿ ರಸ್ತೆಗೆ ಮುಖ ಮಾಡಿರುವ, ಪೂರ್ವ ದಿಕ್ಕಿನ 40x60 ಅಡಿ ನಿವೇಶನವೊಂದನ್ನು ಉದಾಹರಣೆಯಾಗಿ ಇಟ್ಟುಕೊಂಡು ಈ ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ನೋಡೋಣ. ಫೋಟೋಶಾಪ್ ಆಗಲಿ, ಉಚಿತವಾಗಿ ದೊರೆಯುವ ಜಿಂಪ್ ಆಗಲಿ, ಪದರಗಳ ಮೇಲೆ ಕೆಲಸ ಮಾಡಲು ಬಿಡುವ ಯಾವ ತಂತ್ರಾಂಶವಾದರೂ ಸಾಕು.

ಅರ್ಧ ಕೆಲಸ ನಿವೇಶನದಲ್ಲೇ

ಚಿತ್ರ ತೆಗೆಯಲು ಹೋಗುವಾಗ ಟ್ರೈಪಾಡಿನ ಜೊತೆಗೆ 10 ಅಡಿ ಉದ್ದದ ನಾಲ್ಕು ಬಿದಿರಿನ ಗಳಗಳು, ಕೆಂಪು ಟೇಪು, ಅಳತೆ ಟೇಪು ಮತ್ತು ಒಂದು ಚೀಲ ಸುಣ್ಣದ ಪುಡಿಯನ್ನು ಒಯ್ಯಬೇಕು. ಪ್ರತಿ ಗಳದ ಮೇಲೂ ನೆಲದಿಂದ ಸರಿಯಾಗಿ 5 ಅಡಿ ಎತ್ತರದಲ್ಲಿ ಕೆಂಪು ಟೇಪು ಸುತ್ತಿ, ಒಂದೊಂದನ್ನು ಒಂದೊಂದು ಗಡಿಕಲ್ಲಿನ ಬಳಿ ನೆಟ್ಟಗೆ ನಿಲ್ಲಿಸಬೇಕು. ಬಳಿಕ ಮೇಸ್ತ್ರಿಗಳು ಪಾಯ ಅಗೆಯುವ ಮೊದಲು ಗುರುತು ಹಾಕುವಂತೆಯೇ ಮನೆಯ ಹೊರಗೋಡೆ ಬರುವ ಜಾಗಕ್ಕೆ ಸುಣ್ಣದ ಗೆರೆ ಎಳೆಯಬೇಕು. ಮುಂದೆ, ಹಿಂದೆ ಮತ್ತು ಪಕ್ಕಗಳಲ್ಲಿ ಎಷ್ಟು ಜಾಗ ಬಿಡಬೇಕೆಂಬ ನಿಯಮ ಆಯಾ ಸ್ಥಳೀಯ ಸಂಸ್ಥೆಗೆ ತಕ್ಕಂತೆ ಬದಲಾಗುವುದರಿಂದ ಆ ಅಳತೆಯನ್ನು ಎಂಜಿನಿಯರರಿಂದ ಕೇಳಿ ತಿಳಿದುಕೊಂಡಿರಬೇಕು. ನಮ್ಮ ಉದಾಹರಣೆಯಲ್ಲಿ ಮುಂದೆ 10 ಅಡಿ, ಎರಡೂ ಪಕ್ಕಗಳಲ್ಲಿ 5 ಅಡಿ ಬಿಟ್ಟಿದ್ದೇವೆ. ಹಾಗಾಗಿ ಮನೆಯ ಮುಂಭಾಗದ ಅಗಲ 30 ಅಡಿ.

ಕ್ಯಾಮೆರಾದ ಮಸೂರವೂ ನೆಲದಿಂದ 5 ಅಡಿ ಎತ್ತರದಲ್ಲಿಯೇ ಇರಬೇಕು. ಅದನ್ನು ಮೇಲಕ್ಕಾಗಲಿ ಕೆಳಕ್ಕಾಗಲಿ ವಾಲಿಸದೆ ನಿವೇಶನದ ಮುಂಭಾಗಕ್ಕೆ ನೇರವಾಗಿ ಹಿಡಿಯಬೇಕು. ಮೊಬೈಲಿನಲ್ಲಿ ತೆಗೆಯುವುದಾದರೆ ಸಾಮಾನ್ಯ ಮಸೂರವನ್ನೇ ಬಳಸಿ. 0.5x ಎಂದು ತೋರಿಸುವ ಅತಿ ಅಗಲದ ಮಸೂರ ಹತ್ತಿರದ ನೆಲವನ್ನು ಹಿಗ್ಗಿಸಿ, ಹಿಂದಿನ ಗಡಿಯನ್ನು ದೂರ ತಳ್ಳಿ, ಇರುವ ನಿವೇಶನವನ್ನು ಎಷ್ಟೋ ಪಾಲು ದೊಡ್ಡದಾಗಿ ತೋರಿಸುತ್ತದೆ. ಹಾಗೆ ತೆಗೆದ ಚಿತ್ರದ ಮೇಲೆ ಏನನ್ನೂ ಸೇರಿಸುವ ಮೊದಲೇ ಅದು ಕೊಳ್ಳುವವರಿಗೆ ಸುಳ್ಳು ಹೇಳಿರುತ್ತದೆ. ಸಾಮಾನ್ಯ ಮಸೂರದಲ್ಲಿ 40 ಅಡಿ ಅಗಲವೂ ಅಕ್ಕಪಕ್ಕದ ಸ್ವಲ್ಪ ಜಾಗವೂ ಚೌಕಟ್ಟಿನೊಳಗೆ ಬರಬೇಕಾದರೆ ಮುಂಗಡಿಯಿಂದ ಸುಮಾರು 40 ಅಡಿ ದೂರ ಬೇಕಾಗುತ್ತದೆ. ಅಂದರೆ ರಸ್ತೆ ದಾಟಿ, ಎದುರಿನ ನಿವೇಶನದೊಳಗೆ 10 ಅಡಿ ಹೋಗಿ, ನಮ್ಮ ನಿವೇಶನದ ನಡುಮಧ್ಯಕ್ಕೆ ಎದುರಾಗಿ ನಿಲ್ಲಬೇಕು.

ಗಳ ಮತ್ತು ಸುಣ್ಣದ ಗುರುತುಗಳಿರುವಾಗ ಒಂದು ಚಿತ್ರ ತೆಗೆದು, ಟ್ರೈಪಾಡನ್ನು ಕದಲಿಸದೆ ಗಳಗಳನ್ನು ತೆಗೆಸಿ, ಸುಣ್ಣದ ಮೇಲೆ ಮಣ್ಣೆಳೆದು ಇನ್ನೊಂದು ಚಿತ್ರ ತೆಗೆಯಬೇಕು. ಮೊದಲನೆಯದು ಅಳತೆಗೆ, ಎರಡನೆಯದು ಬ್ರೋಷರಿಗೆ. ಎರಡರ ನಡುವೆ ಹೆಚ್ಚು ಹೊತ್ತು ಕಳೆದರೆ ನೆರಳುಗಳು ಸರಿದುಬಿಡುತ್ತವೆ. ಪೂರ್ವಕ್ಕೆ ಮುಖವಿರುವ ನಿವೇಶನಕ್ಕೆ ಬೆಳಗಿನ ಹೊತ್ತೇ ಒಳ್ಳೆಯದು, ಏಕೆಂದರೆ ಆಗ ಬಿಸಿಲು ಮುಂಭಾಗದ ಮೇಲೆ ಬೀಳುತ್ತದೆ. ಹೊರಡುವ ಮೊದಲು ಮುಂದಿನ ಎಡ ಗಳದ ನೆರಳನ್ನು ಟೇಪಿನಿಂದ ಅಳೆದು, ಅದು ಎಷ್ಟು ಹಿಂದಕ್ಕೆ, ಎಷ್ಟು ಪಕ್ಕಕ್ಕೆ ಬಿದ್ದಿದೆ ಎಂದು ಬರೆದುಕೊಳ್ಳಿ. ಈ ಎರಡು ಸಂಖ್ಯೆಗಳು ಮುಂದೆ ಬೇಕಾಗುತ್ತವೆ.

ಒಂದು ಗೆರೆ, ಒಂದು ಭಾಗಾಕಾರ

ಮೊದಲ ಚಿತ್ರವನ್ನು ಕಂಪ್ಯೂಟರಿನಲ್ಲಿ ತೆರೆದು ನೋಡಿದರೆ ಹತ್ತಿರದ ಗಳಗಳು ದೊಡ್ಡದಾಗಿಯೂ ಹಿಂದಿನವು ಚಿಕ್ಕದಾಗಿಯೂ ಕಾಣುತ್ತವೆ, ಆದರೆ ನಾಲ್ಕರ ಕೆಂಪು ಗುರುತುಗಳೂ ಒಂದೇ ಅಡ್ಡಗೆರೆಯ ಮೇಲಿರುತ್ತವೆ. ಸಮತಟ್ಟಾದ ನೆಲದಲ್ಲಿ ಕ್ಯಾಮೆರಾದಷ್ಟೇ ಎತ್ತರದ ಬಿಂದು ಎಷ್ಟೇ ದೂರದಲ್ಲಿದ್ದರೂ ಕಣ್ಣಿನ ಮಟ್ಟದ ಗೆರೆಯ ಮೇಲೆಯೇ ಬೀಳುವುದು ಇದಕ್ಕೆ ಕಾರಣ. ಅಲ್ಲಿಗೊಂದು ಮಾರ್ಗದರ್ಶಿ ಗೆರೆ ಎಳೆದಿಡಿ. ಮುಂದಿನ ಕೆಲಸವೆಲ್ಲ ಈ ಗೆರೆಯನ್ನು ಅವಲಂಬಿಸಿದೆ. ಗುರುತುಗಳು ಒಂದೇ ಗೆರೆಗೆ ಬರದಿದ್ದರೆ ನಿವೇಶನಕ್ಕೆ ಇಳಿಜಾರಿದೆ ಎಂದರ್ಥ. ಆಗ ಈ ಗೆರೆಯನ್ನು ನಂಬದೆ, ಮನೆ ಮತ್ತು ಮರ ಬರುವ ಪ್ರತಿಯೊಂದು ಜಾಗದಲ್ಲೂ 10 ಅಡಿಯ ಗಳವನ್ನು ನಿಲ್ಲಿಸಿ, ಅಲ್ಲಲ್ಲಿಯ ಅಳತೆಯನ್ನು ಆಯಾ ಗಳದಿಂದಲೇ ತೆಗೆದುಕೊಳ್ಳಬೇಕು.

ನೆಲ ಸಮತಟ್ಟಾಗಿದ್ದರೆ ಲೆಕ್ಕ ಸರಳ. ಯಾವುದೇ ವಸ್ತುವಿನ ಬುಡದಿಂದ ಆ ಗೆರೆಯವರೆಗೆ ಇರುವ ಅಂತರ ಆ ಜಾಗದಲ್ಲಿ 5 ಅಡಿಗೆ ಸಮ. ಅದನ್ನು ಐದರಿಂದ ಭಾಗಿಸಿದರೆ ಅಲ್ಲಿ ಒಂದು ಅಡಿಗೆ ಎಷ್ಟು ಪಿಕ್ಸೆಲ್ ಎಂಬುದು ಸಿಗುತ್ತದೆ. 4000 ಪಿಕ್ಸೆಲ್ ಅಗಲದ ನಮ್ಮ ಚಿತ್ರದಲ್ಲಿ ಮುಂದಿನ ಗಡಿಕಲ್ಲಿನ ಬುಡ ಗೆರೆಗಿಂತ 360 ಪಿಕ್ಸೆಲ್ ಕೆಳಗಿದೆ, ಆದ್ದರಿಂದ ಅಲ್ಲಿ ಒಂದು ಅಡಿಗೆ 72 ಪಿಕ್ಸೆಲ್. ಮನೆಯ ಮುಂಗೋಡೆ ಬರುವ ಸುಣ್ಣದ ಗೆರೆ 290 ಪಿಕ್ಸೆಲ್ ಕೆಳಗಿದೆ, ಅಲ್ಲಿ ಅಡಿಗೆ 58. ಹಿಂದಿನ ಮೂಲೆಯ ಬಳಿ ಅಂತರ 150ಕ್ಕೆ ಇಳಿದು, ಅಡಿಗೆ ಕೇವಲ 30 ಪಿಕ್ಸೆಲ್ ಉಳಿಯುತ್ತದೆ.

ಮನೆಯ ರೇಖಾಚಿತ್ರ

ಎಂಜಿನಿಯರರು ಕೊಡುವ ಎಲಿವೇಶನ್ ನಕ್ಷೆಯನ್ನೇ ಇಲ್ಲಿ ಬಳಸಬಹುದು. ಕ್ಯಾಮೆರಾವನ್ನು ಮುಂಭಾಗಕ್ಕೆ ನೇರವಾಗಿ ಹಿಡಿದಿದ್ದರಿಂದ ಅದನ್ನು ವಾರೆ ಮಾಡುವ ಅಗತ್ಯವಿಲ್ಲ. ಒಂದು ಮಹಡಿಯಿರುವ, ಪ್ಯಾರಾಪೆಟ್ ಸೇರಿ 24 ಅಡಿ ಎತ್ತರದ ಮನೆಯಾದರೆ ಅದರ ಅಗಲ 30 x 58, ಅಂದರೆ 1740 ಪಿಕ್ಸೆಲ್ ಮತ್ತು ಎತ್ತರ 24 x 58, ಅಂದರೆ 1392 ಪಿಕ್ಸೆಲ್ ಆಗಬೇಕು. ಅಗಲಕ್ಕೆ ಸರಿಹೊಂದಿಸಿದಾಗ ಎತ್ತರ ತಾನಾಗಿ ಸರಿಹೋಗದಿದ್ದರೆ ನಕ್ಷೆಯನ್ನು ಸ್ಕ್ಯಾನ್ ಮಾಡುವಾಗಲೋ ಅಂಟಿಸುವಾಗಲೋ ಅದು ಒಂದು ಕಡೆಗೆ ಎಳೆದುಹೋಗಿರುತ್ತದೆ. ಕಣ್ಣಂದಾಜಿನಿಂದ ತಿದ್ದಲು ಹೋಗದೆ ಮೂಲ ನಕ್ಷೆಯನ್ನು ಮತ್ತೆ ತರುವುದೇ ಸರಿ.

ಮುಂದಕ್ಕೆ ಚಾಚಿಕೊಂಡ ಪೋರ್ಟಿಕೋ ಇದ್ದರೆ ಅದನ್ನು ಪ್ರತ್ಯೇಕ ಪದರದಲ್ಲಿಟ್ಟು ಸ್ವಲ್ಪ ಹಿಗ್ಗಿಸಬೇಕು. ಗೋಡೆಗಿಂತ 4 ಅಡಿ ಮುಂದಿರುವ ಕಂಬಕ್ಕೆ ಅಡಿಗೆ 58ರ ಬದಲು 63 ಪಿಕ್ಸೆಲ್ ಹಿಡಿಯುತ್ತದೆ. ಅದರ ಬುಡವೂ ಗೋಡೆಯ ಬುಡಕ್ಕಿಂತ ಕೆಳಗೆ ಬರುತ್ತದೆ. ಮನೆ ಸರಿಯಾಗಿ ಕುಳಿತಿದೆಯೇ ಎಂದು ತಿಳಿಯಲು ಛಜ್ಜಗಳನ್ನು ನೋಡಿ. ಕಣ್ಣಿನ ಮಟ್ಟಕ್ಕಿಂತ ಮೇಲಿರುವ ಛಜ್ಜದ ಅಡಿಭಾಗ ನಮಗೆ ಕಾಣಬೇಕೇ ಹೊರತು ಮೇಲ್ಭಾಗ ಕಾಣಬಾರದು. ಮೇಲ್ಭಾಗ ಕಾಣುತ್ತಿದ್ದರೆ ಆ ರೇಖಾಚಿತ್ರವನ್ನು ಎತ್ತರದಿಂದ ನೋಡಿದಂತೆ ಬರೆಯಲಾಗಿದೆ ಮತ್ತು ಅದು ಈ ಛಾಯಾಚಿತ್ರಕ್ಕೆ ಎಂದೂ ಹೊಂದಿಕೊಳ್ಳುವುದಿಲ್ಲ.

ರೇಖಾಚಿತ್ರದ ಪದರವನ್ನು Multiply ವಿಧಾನಕ್ಕೆ ಬದಲಾಯಿಸಿದರೆ ಕಾಗದದ ಬಿಳಿ ಮಾಯವಾಗಿ ಗೆರೆಗಳು ಮಾತ್ರ ಉಳಿಯುತ್ತವೆ. ಆದರೆ ಆಗ ಹಿಂದಿನ ಗೋಡೆ, ಪೊದೆಗಳೆಲ್ಲ ಮನೆಯೊಳಗಿಂದ ಇಣುಕುತ್ತವೆ. ಆದ್ದರಿಂದ ಅದರ ಕೆಳಗೆ ಮನೆಯ ಹೊರರೇಖೆಗೆ ಸರಿಯಾಗಿ ಕತ್ತರಿಸಿದ, ತಿಳಿ ಕೆನೆಬಣ್ಣದ, ಶೇಕಡಾ 85ರಷ್ಟು ಅಪಾರದರ್ಶಕತೆಯ ಇನ್ನೊಂದು ಪದರವನ್ನು ಹಾಸಬೇಕು. ಗೆರೆಗಳು ಕನಿಷ್ಠ 3 ಪಿಕ್ಸೆಲ್ ದಪ್ಪವಿರಲಿ. 300 ಡಿಪಿಐ ಮುದ್ರಣದಲ್ಲಿ ಅದು ಕಾಲು ಮಿಲಿಮೀಟರ್ ಆಗುತ್ತದೆ. ಅದಕ್ಕಿಂತ ತೆಳುವಾದವು ಆಫ್‌ಸೆಟ್ ಮುದ್ರಣದಲ್ಲಿ ತುಂಡುತುಂಡಾಗುವ ಸಂಭವವಿದೆ.

ನಿಜವಾದ ಮನೆಯ ಫೋಟೋವನ್ನೋ ತ್ರಿ-ಡಿ ಚಿತ್ರವನ್ನೋ ಅಂಟಿಸಿದರೆ ಆಗದೇ ಎಂದು ಗ್ರಾಹಕರು ಕೇಳುವುದುಂಟು. ಖಾಲಿ ನಿವೇಶನದ ಮಟ್ಟಿಗೆ ರೇಖಾಚಿತ್ರವೇ ಉತ್ತಮವೆಂಬುದು ನನ್ನ ದೃಢ ಅಭಿಪ್ರಾಯ. ಗೆರೆಗಳಲ್ಲಿ ಬರೆದ ಮನೆ ಇನ್ನೂ ಕಟ್ಟಿಲ್ಲದ ಮನೆಯೆಂದು ಒಂದೇ ನೋಟಕ್ಕೆ ತಿಳಿಯುತ್ತದೆ, ಅದರ ಸುತ್ತಲಿನ ಮಣ್ಣು ಮತ್ತು ಗಡಿಕಲ್ಲುಗಳು ನಿಜವೆಂಬುದೂ ಅಷ್ಟೇ ಸ್ಪಷ್ಟವಾಗುತ್ತದೆ. ಮಾರಾಟವಾಗುತ್ತಿರುವುದು ಆ ಮಣ್ಣು ತಾನೆ?

ಹುಲ್ಲುಹಾಸು ನಾವೆಣಿಸಿದಷ್ಟು ಕಾಣದು

ಅತಿ ಹೆಚ್ಚು ಉತ್ಪ್ರೇಕ್ಷೆ ನಡೆಯುವುದು ಹುಲ್ಲುಹಾಸಿನಲ್ಲಿ. ಮುಂಗಡಿ ಗೆರೆಗಿಂತ 360 ಪಿಕ್ಸೆಲ್ ಕೆಳಗೆ, ಮುಂಗೋಡೆ 290 ಪಿಕ್ಸೆಲ್ ಕೆಳಗೆ ಎಂದು ಆಗಲೇ ನೋಡಿದೆವು. ಅಂದಮೇಲೆ 10 ಅಡಿ ಆಳದ ಅಂಗಳಕ್ಕೆ ಚಿತ್ರದಲ್ಲಿ ಸಿಗುವುದು 70 ಪಿಕ್ಸೆಲ್ ಎತ್ತರದ ಒಂದು ಪಟ್ಟಿ ಮಾತ್ರ. ಸೀರೆಯ ಕಿರಿದಾದ ಅಂಚಿನಂತೆ ಕಾಣುವ ಇದನ್ನು ನೋಡಿ ತೃಪ್ತರಾಗದವರು ಹಸಿರನ್ನು ರಸ್ತೆಯ ಕಡೆಗೆ ಇಳಿಸುತ್ತಾರೆ, ಇಲ್ಲವೇ ಮನೆಯನ್ನು ಹಿಂದಕ್ಕೆ ತಳ್ಳುತ್ತಾರೆ. ಮೊದಲನೆಯದರಲ್ಲಿ ಸಾರ್ವಜನಿಕ ಜಾಗ ಮಾರಾಟಕ್ಕಿರುವ ನಿವೇಶನದೊಳಗೆ ಸೇರಿಕೊಳ್ಳುತ್ತದೆ, ಎರಡನೆಯದರಲ್ಲಿ ಮನೆ ತನ್ನ ಪಾಯದ ಮೇಲೆ ನಿಲ್ಲುವುದಿಲ್ಲ. ಹುಲ್ಲುಹಾಸು ಚೆನ್ನಾಗಿ ಕಾಣಲೇಬೇಕಿದ್ದರೆ ಕ್ಯಾಮೆರಾವನ್ನು ಎತ್ತರಿಸುವುದು ಪ್ರಾಮಾಣಿಕ ದಾರಿ. ಅದೇ ಜಾಗದಲ್ಲಿ ಏಣಿ ಹಾಕಿ 10 ಅಡಿ ಎತ್ತರದಿಂದ ತೆಗೆದರೆ ಆ ಪಟ್ಟಿ 140 ಪಿಕ್ಸೆಲ್ ಆಗುತ್ತದೆ. ಆಗ ಗಳದ ತುದಿಯೇ ಕಣ್ಣಿನ ಮಟ್ಟದ ಗುರುತಾಗುತ್ತದೆ, ಮತ್ತು ಐದರ ಬದಲು ಹತ್ತರಿಂದ ಭಾಗಿಸಬೇಕಾಗುತ್ತದೆ.

ಕಾಂಪೌಂಡ್ ಗೋಡೆಯನ್ನು ಬರೆಯುವ ಆಸೆಯೂ ಹಲವರಿಗಿರುತ್ತದೆ. ಮುಂಗಡಿಯಲ್ಲಿ 4 ಅಡಿ ಗೋಡೆ ಬರೆದರೆ ಅದು 288 ಪಿಕ್ಸೆಲ್ ಎತ್ತರವಾಗಿ, ಹಿಂದಿನ ಹುಲ್ಲುಹಾಸನ್ನು ಪೂರ್ತಿಯಾಗಿ ಮುಚ್ಚಿಬಿಡುತ್ತದೆ. ಗೋಡೆಯ ಮೇಲ್ಭಾಗದಿಂದ ಅಂಗಳದ ಹಸಿರು ಇಣುಕುವ ಚಿತ್ರ ಕಣ್ಣಿನ ಮಟ್ಟದಿಂದ ಸಾಧ್ಯವೇ ಇಲ್ಲ. ಗೋಡೆ ಬೇಕೋ ಹುಲ್ಲುಹಾಸು ಬೇಕೋ ಎಂದು ಮೊದಲೇ ನಿರ್ಧರಿಸಬೇಕು. ನಾನಾದರೆ ಗೋಡೆಯನ್ನು ಬಿಟ್ಟು ಗಡಿಕಲ್ಲುಗಳನ್ನೇ ಉಳಿಸುತ್ತೇನೆ.

ಹುಲ್ಲಿಗಾಗಿ ಮೇಲಿನಿಂದ ತೆಗೆದ ಚಿತ್ರವನ್ನು ಹಾಗೆಯೇ ಅಂಟಿಸಬಾರದು. ಅಂಗಳದ ನಾಲ್ಕು ಮೂಲೆಗಳಿಗೆ ಹೊಂದುವಂತೆ ಅದನ್ನು Perspective ಉಪಕರಣದಿಂದ ಮಲಗಿಸಬೇಕು. ನಮ್ಮ ಅಳತೆಯಲ್ಲಿ 2 ಮಿಲಿಮೀಟರ್ ಅಗಲದ ಗರಿಕೆಯ ಎಸಳು ಅರ್ಧ ಪಿಕ್ಸೆಲ್‌ಗೂ ಬರುವುದಿಲ್ಲ. ಹೀಗಾಗಿ ಚಿತ್ರದಲ್ಲಿ ಎಸಳುಗಳು ಬಿಡಿಬಿಡಿಯಾಗಿ ಕಾಣುತ್ತಿದ್ದರೆ ಹುಲ್ಲು ಮೊಣಕಾಲುದ್ದ ಬೆಳೆದಿದೆ ಎಂಬ ಭಾವನೆ ಬರುತ್ತದೆ. ಅಲ್ಲಿ ಇರಬೇಕಾದದ್ದು ಏರಿಳಿತವಿರುವ ಹಸಿರಿನ ಹದವಾದ ಛಾಯೆಗಳಷ್ಟೇ. ಬಣ್ಣವೂ ಸ್ವಲ್ಪ ಹಳದಿಯ ಕಡೆಗೇ ವಾಲಿರಲಿ, ನಮ್ಮ ಬಿಸಿಲಿನಲ್ಲಿ ಬೆಳೆದ ಹುಲ್ಲಿಗೆ ನೀಲಿ ಮಿಶ್ರಿತ ಹಸಿರು ಬರುವುದಿಲ್ಲ. ಹುಲ್ಲು ಗೋಡೆಗೆ ತಾಗುವಲ್ಲಿ ನಾಲ್ಕೈದು ಪಿಕ್ಸೆಲ್ ಅಗಲದ ಮೆದುವಾದ ಕಪ್ಪು ಗೆರೆಯನ್ನು ಎಳೆದರೆ ಮನೆ ನೆಲಕ್ಕೆ ಅಂಟಿಕೊಳ್ಳುತ್ತದೆ. ಈ ಒಂದು ಗೆರೆಯಿಲ್ಲದೆ ಎಷ್ಟೋ ಒಳ್ಳೆಯ ಚಿತ್ರಗಳಲ್ಲಿ ಮನೆ ತೇಲುತ್ತಿರುತ್ತದೆ.

ಮರ ಮತ್ತು ಅದರ ನೆರಳು

ಮನೆಯ ಹಿಂದಿನಿಂದ ತೆಂಗಿನ ಗರಿಗಳು ಚಾವಣಿಯ ಮೇಲೆ ಇಣುಕುವಂತೆ ತೋರಿಸುವುದು ಬ್ರೋಷರುಗಳಲ್ಲಿ ರೂಢಿಯಾಗಿದೆ. ನಮ್ಮ ಲೆಕ್ಕದಲ್ಲಿ ಅದನ್ನು ಪರೀಕ್ಷಿಸೋಣ. ಮನೆಯ ಮೇಲ್ತುದಿ ಕಣ್ಣಿನ ಮಟ್ಟದ ಗೆರೆಗಿಂತ 1392 ರಿಂದ 290 ಕಳೆದಷ್ಟು, ಅಂದರೆ 1102 ಪಿಕ್ಸೆಲ್ ಮೇಲಿದೆ. ಹಿಂದಿನ ಮೂಲೆಯ ಬಳಿ ಅಡಿಗೆ 30 ಪಿಕ್ಸೆಲ್ ಇರುವುದರಿಂದ 30 ಅಡಿ ಎತ್ತರದ ತೆಂಗಿನ ಮರ ಒಟ್ಟು 900 ಪಿಕ್ಸೆಲ್ ಆಗುತ್ತದೆ ಮತ್ತು ಗೆರೆಗಿಂತ ಮೇಲೆ ಬರುವುದು 750 ಮಾತ್ರ. ಮನೆಗಿಂತ 6 ಅಡಿ ಎತ್ತರವಿದ್ದರೂ ಆ ಮರ ಮನೆಯ ಹಿಂದೆ ಪೂರ್ತಿ ಮರೆಯಾಗುತ್ತದೆ. ಚಾವಣಿಯ ಮೇಲೆ ಗರಿ ಇಣುಕಬೇಕಾದರೆ ಮರ 42 ಅಡಿಗಿಂತಲೂ ಎತ್ತರವಿರಬೇಕು. ಅಷ್ಟು ಎತ್ತರದ ತೆಂಗು ಆ ಮೂಲೆಯಲ್ಲಿ ಈಗಲೇ ಇಲ್ಲದಿದ್ದರೆ ಅದನ್ನು ತೋರಿಸದಿರುವುದೇ ಲೇಸು. ಹೊಸ ಮನೆ ಕಟ್ಟಿದ ಮೊದಲ ಕೆಲವು ವರ್ಷಗಳಲ್ಲಿ ಬೆಳೆಯಬಹುದಾದದ್ದನ್ನೇ ತೋರಿಸುವುದು ನ್ಯಾಯ. ಮುಂದಿನ ಮೂಲೆಯಲ್ಲೊಂದು 15 ಅಡಿಯ ಹೊಂಗೆ ಅಥವಾ ಸಂಪಿಗೆ, ಗೋಡೆಯ ಬುಡದಲ್ಲಿ ಎದೆಮಟ್ಟದ ದಾಸವಾಳ ಅಥವಾ ನಂದಿಬಟ್ಟಲು ಸಾಕು.

ಮರದ ಚಿತ್ರವನ್ನು ಮೋಡ ಕವಿದ ದಿನ, ಬಿಳಿ ಆಕಾಶದ ಹಿನ್ನೆಲೆಯಲ್ಲಿ, ಅದೇ 5 ಅಡಿ ಎತ್ತರದಿಂದ ತೆಗೆದಿಟ್ಟುಕೊಂಡರೆ ಕತ್ತರಿಸುವುದು ಸುಲಭ. ಎಲೆಗಳ ಸುತ್ತ ಕೈಯಿಂದ ಗೆರೆ ಎಳೆಯುತ್ತ ಕೂರಬೇಕಾಗಿಲ್ಲ. Channels ಫಲಕದಲ್ಲಿ ನೀಲಿ ಬಣ್ಣದ ಚಾನಲನ್ನು ಮಾತ್ರ ನೋಡಿದರೆ ಆಕಾಶ ಬಹುತೇಕ ಬಿಳಿಯಾಗಿಯೂ ಎಲೆಗಳು ಬಹುತೇಕ ಕಪ್ಪಾಗಿಯೂ ಇರುತ್ತವೆ. ಅದರ ಪ್ರತಿ ಮಾಡಿಕೊಂಡು, Levels ಮೂಲಕ ಬಿಳಿ ಮತ್ತು ಕಪ್ಪನ್ನು ಇನ್ನಷ್ಟು ಬೇರ್ಪಡಿಸಿ, Invert ಮೂಲಕ ಅವೆರಡನ್ನೂ ಅದಲುಬದಲು ಮಾಡಿ ಮರದ ಪದರಕ್ಕೆ ಮಾಸ್ಕ್ ಆಗಿ ಹಾಕಿದರೆ ಎಲೆಗಳ ನಡುವಿನ ಸಣ್ಣ ಸಂದುಗಳೂ ಉಳಿಯುತ್ತವೆ. ಕತ್ತರಿಸಿದ್ದು ಸರಿಯಾಗಿದೆಯೇ ಎಂದು ತಿಳಿಯಲು ಮರದ ಕೆಳಗೆ ತಾತ್ಕಾಲಿಕವಾಗಿ ಒಂದು ಕಪ್ಪು ಪದರ ಹಾಸಿ ನೋಡಿ. ಎಲೆಗಳ ಅಂಚಿನಲ್ಲಿ ಬಿಳಿ ನೂಲಿನಂಥ ಗೆರೆ ಕಂಡರೆ ಮಾಸ್ಕನ್ನು ಒಂದು ಪಿಕ್ಸೆಲ್ ಒಳಕ್ಕೆ ಸರಿಸಬೇಕು. ಮೋಡದ ದಿನ ತೆಗೆದ ಮರಕ್ಕೆ ಬಿಸಿಲಿನ ಗುರುತಿರುವುದಿಲ್ಲವಾದ್ದರಿಂದ ನಿವೇಶನದ ಚಿತ್ರದಲ್ಲಿ ಬಿಸಿಲು ಬರುತ್ತಿರುವ ಕಡೆಯ ಎಲೆಗಳನ್ನು ಸ್ವಲ್ಪ ತಿಳಿಯಾಗಿಸಿ, ಎದುರು ಕಡೆಯವನ್ನು ಮಬ್ಬಾಗಿಸಬೇಕು.

ಇನ್ನು ನೆರಳು. ಜನವರಿಯ ಒಂದು ಬೆಳಿಗ್ಗೆ, ಹತ್ತು ಗಂಟೆಯ ಸುಮಾರಿಗೆ, ನಮ್ಮ 10 ಅಡಿ ಗಳದ ನೆರಳು 9 ಅಡಿ ಹಿಂದಕ್ಕೂ 8 ಅಡಿ ಬಲಕ್ಕೂ ಬಿದ್ದಿತ್ತೆಂದು ಇಟ್ಟುಕೊಳ್ಳಿ. 15 ಅಡಿ ಮರಕ್ಕೆ ಅದರ ಒಂದೂವರೆ ಪಟ್ಟು, ಅಂದರೆ ಹದಿಮೂರೂವರೆ ಅಡಿ ಹಿಂದಕ್ಕೂ 12 ಅಡಿ ಬಲಕ್ಕೂ ನೆರಳು ಬೀಳಬೇಕು. ಆದರೆ ಮರ ಮುಂದಿನ ಎಡ ಮೂಲೆಯಲ್ಲಿ, ಮುಂಗಡಿಯಿಂದ 2 ಅಡಿ ಒಳಗಿದೆ. ಅಲ್ಲಿಂದ 8 ಅಡಿ ಹಿಂದೆಯೇ ಮನೆಯ ಗೋಡೆಯಿದೆ. ಹಾಗಾಗಿ ನೆರಳು ನೆಲದ ಮೇಲೆ 8 ಅಡಿ ಸಾಗಿ ಗೋಡೆಯನ್ನು ಮುಟ್ಟಿ, ಉಳಿದ ಭಾಗ ಗೋಡೆಯ ಮೇಲೆ ಸುಮಾರು 6 ಅಡಿ ಎತ್ತರದವರೆಗೆ ಏರಬೇಕು. ಕಾಂಡದ ನೆರಳು ನೆಲದಲ್ಲಿ, ತಲೆಯ ಭಾಗದ ಎಲೆಗಳ ನೆರಳು ಗೋಡೆಯ ಮೇಲೆ. ಮರದ ಪದರದ ಪ್ರತಿಯನ್ನು ಪೂರ್ತಿ ಕಪ್ಪಾಗಿಸಿ, ಎರಡು ತುಂಡು ಮಾಡಿ, ಒಂದನ್ನು ನೆಲಕ್ಕೆ ಮಲಗಿಸಿ ಇನ್ನೊಂದನ್ನು ಗೋಡೆಗೆ ಒರಗಿಸಿದರೆ ಇದು ಸಾಧ್ಯವಾಗುತ್ತದೆ. ನೆರಳು ಎಷ್ಟು ಗಾಢವಾಗಿರಬೇಕೆಂಬುದಕ್ಕೆ ಮೊದಲ ಚಿತ್ರದಲ್ಲಿರುವ ಗಳದ ನೆರಳೇ ಮಾದರಿ.

ಸೇರಿಸಬಹುದು, ಅಳಿಸಬಾರದು

ಮೇಲಿನ ಎಲ್ಲವೂ ಸೇರಿಸುವ ಕೆಲಸ. ಅಳಿಸುವುದು ಬೇರೆಯೇ ವಿಷಯ. ನಿವೇಶನದ ಮೇಲೆ ಹಾದುಹೋಗಿರುವ ವಿದ್ಯುತ್ ತಂತಿ, ಮೂಲೆಯ ಟ್ರಾನ್ಸ್‌ಫಾರ್ಮರ್, ಪಕ್ಕದ ಮೋರಿ, ಹಿಂದಿನ ಕಟ್ಟಡ ಇವುಗಳನ್ನು ಕ್ಲೋನ್ ಉಪಕರಣದಿಂದ ಒರೆಸುವುದಾಗಲಿ, ಬೇಕೆಂದೇ ಅವುಗಳ ಮುಂದೆ ಮರವೊಂದನ್ನು ನಿಲ್ಲಿಸುವುದಾಗಲಿ ಕೂಡದು. ಬಿದ್ದಿರುವ ಪ್ಲಾಸ್ಟಿಕ್ ಚೀಲವನ್ನು ತೆಗೆದರೆ ಯಾರಿಗೂ ನಷ್ಟವಿಲ್ಲ, ಆದರೆ ತಂತಿ ಕೊಳ್ಳುವವರ ನಿರ್ಧಾರವನ್ನೇ ಬದಲಿಸಬಲ್ಲದು.

2016ರ ಸ್ಥಿರಾಸ್ತಿ ನಿಯಂತ್ರಣ ಮತ್ತು ಅಭಿವೃದ್ಧಿ ಕಾಯ್ದೆ, ಅಂದರೆ ರೇರಾ, ಈ ವಿಷಯದಲ್ಲಿ ಖಚಿತವಾಗಿದೆ. ಜಾಹೀರಾತು ಅಥವಾ ಪರಿಚಯ ಪತ್ರಿಕೆಯಲ್ಲಿನ ತಪ್ಪು ಮಾಹಿತಿಯನ್ನು ನಂಬಿ ಹಣ ಕೊಟ್ಟು ನಷ್ಟಕ್ಕೊಳಗಾದವರಿಗೆ ಪ್ರವರ್ತಕರು ಪರಿಹಾರ ಕೊಡಬೇಕೆಂದೂ, ಕೊಂಡವರು ಹಿಂದೆ ಸರಿಯಲು ಬಯಸಿದರೆ ಬಡ್ಡಿ ಸಮೇತ ಹಣ ಹಿಂದಿರುಗಿಸಬೇಕೆಂದೂ ಅದರ 12ನೇ ಕಲಂ ಹೇಳುತ್ತದೆ. ನೋಂದಾಯಿತ ಯೋಜನೆಯಾದರೆ ಪ್ರಾಧಿಕಾರದ ಜಾಲತಾಣದ ವಿಳಾಸ ಮತ್ತು ನೋಂದಣಿ ಸಂಖ್ಯೆ ಜಾಹೀರಾತಿನಲ್ಲಿ ಎದ್ದು ಕಾಣುವಂತಿರಬೇಕು. ಸಾಮಾನ್ಯವಾಗಿ 500 ಚದರ ಮೀಟರಿಗಿಂತ ದೊಡ್ಡ ಜಮೀನಿನ ಬಡಾವಣೆಗಳಿಗೆ ನೋಂದಣಿ ಕಡ್ಡಾಯ. ಒಬ್ಬ ವ್ಯಕ್ತಿ ತನ್ನ ಒಂದೇ ನಿವೇಶನವನ್ನು ಮರುಮಾರಾಟ ಮಾಡುವಾಗ ಈ ನೋಂದಣಿಯ ಪ್ರಶ್ನೆ ಬರುವುದಿಲ್ಲವಾದರೂ ಚಿತ್ರ ನಿಜವಾಗಿರಬೇಕೆಂಬ ಹೊಣೆ ತಪ್ಪುವುದಿಲ್ಲ.

ಆದ್ದರಿಂದ "ಕಲಾವಿದರ ಕಲ್ಪನೆ. ಮನೆ, ಮರ ಮತ್ತು ಹುಲ್ಲುಹಾಸು ಮಾರಾಟದಲ್ಲಿ ಸೇರಿಲ್ಲ" ಎಂಬ ಸಾಲನ್ನು ಪುಟದ ಕೊನೆಯ ಸಣ್ಣ ಅಕ್ಷರಗಳಿಗೆ ತಳ್ಳದೆ ಚಿತ್ರದ ಒಳಗೇ, ಬ್ರೋಷರಿನ ಉಳಿದ ಬರಹದಷ್ಟೇ ದೊಡ್ಡ ಅಕ್ಷರದಲ್ಲಿ ಮುದ್ರಿಸಬೇಕು. ಏನನ್ನೂ ಸೇರಿಸದ ಎರಡನೇ ಚಿತ್ರವನ್ನೂ ಅದೇ ಪುಟದಲ್ಲಿ, ಅದೇ ಚೌಕಟ್ಟಿನಲ್ಲಿ ಪಕ್ಕಕ್ಕೆ ಹಾಕಿದರೆ ಓದುಗರು ಎರಡನ್ನೂ ಹೋಲಿಸಿ ನೋಡಬಹುದು.

ಮುದ್ರಣಕ್ಕೆ ಕೊಡುವ ಮೊದಲು ಒಂದು ಮಾದರಿ ಪ್ರತಿ ತೆಗೆಸಿ. ಪರದೆಯ ಮೇಲೆ ಹೊಳೆಯುವ ಹಸಿರು ಮುದ್ರಣದ ನಾಲ್ಕು ಶಾಯಿಗಳಲ್ಲಿ ಮಂಕಾಗುತ್ತದೆ. ಅದನ್ನು ಸರಿಪಡಿಸಲು ಹುಲ್ಲಿನ ಪದರವನ್ನಷ್ಟೇ ತುಸು ತಿಳಿಗೊಳಿಸಬೇಕು. ಇಡೀ ಚಿತ್ರದ ಹೊಳಪು ಹೆಚ್ಚಿಸಿದರೆ ನಿವೇಶನದ ಮಣ್ಣಿನ ಬಣ್ಣವೂ ಬದಲಾಗುತ್ತದೆ. ಪದರಗಳು ಹಾಗೆಯೇ ಉಳಿದಿರುವ ಮೂಲ ಕಡತವನ್ನೂ ಗಳಗಳಿರುವ ಮೊದಲ ಚಿತ್ರವನ್ನೂ ಜೋಪಾನವಾಗಿಡಿ, ಕೊಳ್ಳುವವರು ಮನೆಯ ಅಳತೆ ಬದಲಿಸಿ ತೋರಿಸಿ ಎಂದು ಕೇಳಿದಾಗ ನಿವೇಶನಕ್ಕೆ ಮತ್ತೆ ಹೋಗದೆ ಅದೇ ಗೆರೆಯಿಂದ ಹೊಸ ಮನೆಯನ್ನು ಅಳೆದು ನಿಲ್ಲಿಸಬಹುದು.